ಮುಂಬೈಯಿಂದ ಲೇಹ್‌ಗೆ ಹಾರುವವರಿಗೆ: ತೆಳು ಗಾಳಿಗೆ ದೇಹ ಒಗ್ಗುವ ಬಗೆ, ದಿನದಿಂದ ದಿನಕ್ಕೆ

ಮುಂಬೈ, ಪುಣೆ ಕಡೆಯಿಂದ ಲಡಾಖಿಗೆ ಹೊರಡುವ ನಮ್ಮ ಜನ ಒಂದೆರಡು ತಿಂಗಳ ಮೊದಲೇ ತಯಾರಿ ಶುರು ಮಾಡುತ್ತಾರೆ. ಪುಣೆಯವರು ಭಾನುವಾರ ಸಿಂಹಗಡ ಹತ್ತುತ್ತಾರೆ, ಠಾಣೆಯವರು ಯೇವೂರಿನ ಗುಡ್ಡ ಸುತ್ತುತ್ತಾರೆ, ಹುಮ್ಮಸ್ಸು ಹೆಚ್ಚಿದ್ದವರು ಕಳಸೂಬಾಯಿಗೂ ಹೋಗಿಬರುತ್ತಾರೆ. ರಕ್ತ ಹೆಚ್ಚಲಿ ಎಂದು ಬೀಟ್‌ರೂಟ್ ರಸ, ಕಬ್ಬಿಣಾಂಶದ ಮಾತ್ರೆ ಬೇರೆ. ಕಾಲಿಗೂ ದಮ್ಮಿಗೂ ಇದೆಲ್ಲ ಒಳ್ಳೆಯದೇ. ಆದರೆ ಇಡೀ ಮಹಾರಾಷ್ಟ್ರದಲ್ಲೇ ಎತ್ತರದ ಶಿಖರವಾದ ಕಳಸೂಬಾಯಿಯ ಎತ್ತರ 1,646 ಮೀಟರ್. ಲೇಹ್ ಊರು ಇರುವುದೇ ಸುಮಾರು 3,500 ಮೀಟರಿನಲ್ಲಿ. ನಮ್ಮ ಸಹ್ಯಾದ್ರಿಯಲ್ಲಿ ಎಷ್ಟು ಹತ್ತಿ ಇಳಿದರೂ ದೇಹಕ್ಕೆ ಆಮ್ಲಜನಕದ ಕೊರತೆ ಎಂದರೇನು ಎಂಬುದು ಗೊತ್ತಾಗುವುದಿಲ್ಲ.

ಇನ್ನು ರಕ್ತದ ವಿಚಾರ. ಎತ್ತರಕ್ಕೆ ಹೋದರೆ ದೇಹ ಕೆಂಪು ರಕ್ತಕಣಗಳನ್ನು ಹೆಚ್ಚಿಸಿಕೊಳ್ಳುತ್ತದೆ ಎಂದು ಶಾಲೆಯಲ್ಲಿ ಓದಿರುತ್ತೇವೆ. ಅದು ನಿಜ. ಆದರೆ ಆ ಕೆಲಸಕ್ಕೆ ವಾರಗಳು ಬೇಕು, ನಮಗೆ ಸಿಗುವ ರಜೆ ಒಂಬತ್ತೋ ಹತ್ತೋ ದಿನ. ಅಷ್ಟರೊಳಗೆ ನಮ್ಮನ್ನು ಕಾಯುವುದು ಉಸಿರಾಟ ಮತ್ತು ಮೂತ್ರಪಿಂಡ. ಪ್ರವಾಸದ ಯೋಜನೆ ಹಾಕುವಾಗ ಈ ಎರಡಕ್ಕೂ ಬೇಕಾದಷ್ಟು ಸಮಯ ಕೊಟ್ಟರೆ ಅರ್ಧ ಕೆಲಸ ಆದಂತೆ. ಎಷ್ಟು ಸಮಯ, ಯಾವ ಕ್ರಮದಲ್ಲಿ ಎಂಬುದನ್ನು ಕೆಳಗೆ ಬರೆದಿದ್ದೇನೆ. ನಡುನಡುವೆ ಠಾಣೆಯ ನನ್ನ ಅಕ್ಕ, ಭಾವ ಬರುತ್ತಾರೆ. ಲೇಹ್‌ನಲ್ಲಿ ಅವರ ಜತೆಗಿದ್ದಾಗ ನಾನು ಬರೆದಿಟ್ಟುಕೊಂಡ ಅಂಕಿಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ.

ಮೊದಲು ಇಷ್ಟು ತಿಳಿದಿರಲಿ: ಒಳಗೆ ಏನಾಗುತ್ತದೆ

ಲೇಹ್‌ನ ಗಾಳಿಯಲ್ಲೂ ಆಮ್ಲಜನಕದ ಪಾಲು ಶೇಕಡಾ 21, ದಾದರಿನ ಗಾಳಿಯಲ್ಲೂ ಅಷ್ಟೇ. ಬದಲಾಗುವುದು ಗಾಳಿಯ ಒತ್ತಡ. ಮೇಲೆ ಹೋದಂತೆ ಒತ್ತಡ ಇಳಿಯುವುದರಿಂದ ಒಂದೊಂದು ಉಸಿರಿನಲ್ಲಿ ಒಳಗೆ ಬರುವ ಆಮ್ಲಜನಕವೂ ಕಡಿಮೆಯಾಗುತ್ತದೆ. ಲೇಹ್‌ನಲ್ಲಿ ಅದು ಸಮುದ್ರಮಟ್ಟದ ಮೂರನೇ ಎರಡು ಭಾಗದಷ್ಟು. ಲೇಹ್‌ನಿಂದ ನುಬ್ರಾಗೆ ಹೋಗುವ ದಾರಿಯ ಖರ್ದುಂಗ್ ಲಾ ಘಾಟಿಯ ತುದಿಯಲ್ಲಿ ಸುಮಾರು ಅರ್ಧ.

ಕುತ್ತಿಗೆಯ ಎರಡೂ ಬದಿಯಲ್ಲಿ, ಮೆದುಳಿಗೆ ರಕ್ತ ಒಯ್ಯುವ ದೊಡ್ಡ ರಕ್ತನಾಳಗಳು ಕವಲೊಡೆಯುವ ಜಾಗದಲ್ಲಿ, ಅಕ್ಕಿಕಾಳಿನಷ್ಟು ಚಿಕ್ಕ ಅಂಗಗಳಿವೆ. ರಕ್ತದಲ್ಲಿ ಆಮ್ಲಜನಕ ಕಡಿಮೆಯಾದದ್ದನ್ನು ಮೊದಲು ಗುರುತಿಸುವುದು ಇವೇ. ನಿಮಿಷಗಳೊಳಗೆ ಉಸಿರಾಟ ಹೆಚ್ಚುತ್ತದೆ, ಎದೆಬಡಿತವೂ ಹೆಚ್ಚುತ್ತದೆ. ಇಲ್ಲಿಯವರೆಗೆ ಸರಿ. ಆದರೆ ಹೆಚ್ಚು ಉಸಿರಾಡಿದಾಗ ಆಮ್ಲಜನಕ ಒಳಗೆ ಬರುವುದರ ಜತೆಗೆ ಇಂಗಾಲದ ಡೈಆಕ್ಸೈಡ್ ಬೇಕಾದ್ದಕ್ಕಿಂತ ಹೆಚ್ಚಾಗಿ ಹೊರಗೆ ಹೋಗುತ್ತದೆ. ಅದು ರಕ್ತದಲ್ಲಿ ಆಮ್ಲದ ಕೆಲಸ ಮಾಡುವ ವಸ್ತು, ಆದ್ದರಿಂದ ಅದು ಕಡಿಮೆಯಾದರೆ ರಕ್ತ ಕ್ಷಾರದ ಕಡೆಗೆ ವಾಲುತ್ತದೆ. ಮೆದುಳಿನ ಉಸಿರಾಟದ ಕೇಂದ್ರಕ್ಕೆ ಇದು ಹಿಡಿಸುವುದಿಲ್ಲ, ಉಸಿರು ಸಾಕು ಎನ್ನುತ್ತದೆ. ಹೀಗೆ ಒಂದೇ ಹೊತ್ತಿನಲ್ಲಿ ಒಂದು ಕಾಲು ಆಕ್ಸಿಲರೇಟರ್ ಮೇಲೆ, ಇನ್ನೊಂದು ಬ್ರೇಕ್ ಮೇಲೆ ಇದ್ದ ಸ್ಥಿತಿ. ಮೊದಲ ಒಂದೆರಡು ದಿನ ದೇಹ ಇರುವುದೇ ಹೀಗೆ.

ಆ ಬ್ರೇಕನ್ನು ಬಿಡಿಸುವುದು ಮೂತ್ರಪಿಂಡ. ರಕ್ತದಲ್ಲಿ ಹೆಚ್ಚಾಗಿ ಉಳಿದ ಬೈಕಾರ್ಬನೇಟ್ ಎಂಬ ಕ್ಷಾರವನ್ನು ಅದು ಮೂತ್ರದ ಮೂಲಕ ಹೊರಗೆ ಹಾಕುತ್ತದೆ. ಬೈಕಾರ್ಬನೇಟ್ ಇಳಿದ ಹಾಗೆ ರಕ್ತ ಸಮಸ್ಥಿತಿಗೆ ಬರುತ್ತದೆ, ಮೆದುಳು ತಡೆಯನ್ನು ಸಡಿಲಿಸುತ್ತದೆ, ಉಸಿರಾಟ ಇನ್ನಷ್ಟು ಏರುತ್ತದೆ, ರಕ್ತದ ಆಮ್ಲಜನಕವೂ ಏರುತ್ತದೆ. ಕೆಲವು ಗಂಟೆಗಳಲ್ಲೇ ಶುರುವಾಗುವ ಈ ಕೆಲಸ ಚೆನ್ನಾಗಿ ಮುಂದುವರಿಯಲು ಎರಡು ಮೂರು ದಿನ ಬೇಕು, ಬಹುಪಾಲು ಮುಗಿಯಲು ಒಂದು ವಾರ ಹಿಡಿಯುತ್ತದೆ. ಲೇಹ್‌ನಲ್ಲಿ ಮೊದಲ ರಾತ್ರಿ ನಾಲ್ಕು ಸಲ ಎದ್ದು ಬಚ್ಚಲಿಗೆ ಹೋಗಬೇಕಾಯಿತು ಎಂದು ಗೊಣಗುವವರಿಗೆ ನಾನು ಒಳ್ಳೆಯದೇ ಆಯಿತು ಎನ್ನುತ್ತೇನೆ. ಮೂತ್ರ ಸರಿಯಾಗಿ ಆಗದೆ ಕೈ, ಮುಖ ಊದಿಕೊಂಡವರ ಮೇಲೆಯೇ ಹೆಚ್ಚು ಕಣ್ಣಿಡಬೇಕು.

ಹೊರಡುವ ಮೊದಲು: ದಾರಿ, ಮಾತ್ರೆ, ಆಕ್ಸಿಮೀಟರ್

ರಜೆ ಇದ್ದರೆ ಶ್ರೀನಗರದ ರಸ್ತೆ ನನ್ನ ಮೊದಲ ಆಯ್ಕೆ. ಶ್ರೀನಗರ ಸುಮಾರು 1,600 ಮೀಟರ್, ಕಾರ್ಗಿಲ್ ಸುಮಾರು 2,700. ಎರಡೂ ಕಡೆ ಒಂದೊಂದು ರಾತ್ರಿ ಮಲಗಿ ಲೇಹ್ ಸೇರಿದರೆ ದೇಹಕ್ಕೆ ಒಗ್ಗಲು ಸಮಯ ಸಿಕ್ಕಿರುತ್ತದೆ. ಮನಾಲಿಯ ರಸ್ತೆಯೂ ನಿಧಾನವೇ ಅಲ್ಲವೇ ಎಂದು ಕೇಳುವವರಿದ್ದಾರೆ. ಆ ದಾರಿಯಲ್ಲಿ ಬಹಳ ಜನ ರಾತ್ರಿ ತಂಗುವ ಸರ್ಚು ಸುಮಾರು 4,300 ಮೀಟರಿನಲ್ಲಿದೆ, ಲೇಹ್‌ಗಿಂತ 800 ಮೀಟರ್ ಮೇಲೆ. ಹಿಂದಿನ ರಾತ್ರಿ ಮನಾಲಿಯ 2,000 ಮೀಟರಿನಲ್ಲಿ ಮಲಗಿದವರು ಮರುರಾತ್ರಿ ಅಲ್ಲಿ ತಲೆ ಹಿಡಿದುಕೊಂಡು ಕೂತಿರುತ್ತಾರೆ. ಮನಾಲಿಯಿಂದ ಹೋಗಲೇಬೇಕಿದ್ದರೆ ಸುಮಾರು 3,200 ಮೀಟರಿನ ಜಿಸ್ಪಾದಲ್ಲಿ ಎರಡು ರಾತ್ರಿ ಇದ್ದು, ಮರುದಿನ ಬೆಳಿಗ್ಗೆ ಬೇಗ ಹೊರಟು ಸರ್ಚುವಿನಲ್ಲಿ ನಿಲ್ಲದೆ ಲೇಹ್‌ಗೆ ಇಳಿದುಬಿಡುವುದು ವಾಸಿ.

ನಮ್ಮಲ್ಲಿ ಹೆಚ್ಚಿನವರು ವಿಮಾನದಲ್ಲೇ ಹೋಗುತ್ತಾರೆ. ಅಂದರೆ ರಾತ್ರಿ ಸಮುದ್ರಮಟ್ಟದಲ್ಲಿ ಸೂಟ್‌ಕೇಸ್ ಕಟ್ಟಿ, ಬೆಳಿಗ್ಗೆ 3,500 ಮೀಟರಿನಲ್ಲಿ ಚಹಾ ಕುಡಿಯುವುದು. ಇಂಥವರು ಅಸೆಟಜೋಲಮೈಡ್ ಮಾತ್ರೆಯ ಬಗ್ಗೆ ತಮ್ಮ ಡಾಕ್ಟರರನ್ನು ಕೇಳಬೇಕು. ಅಂಗಡಿಯಲ್ಲಿ ಡಯಾಮಾಕ್ಸ್ ಎಂಬ ಹೆಸರಿನಲ್ಲಿ ಸಿಗುವುದು ಇದೇ. ಇದು ತಲೆನೋವನ್ನು ಮರೆಮಾಚುತ್ತದೆ ಎಂಬ ತಪ್ಪು ಕಲ್ಪನೆ ಇದೆ. ನಿಜವಾಗಿ ಇದು ಮೂತ್ರಪಿಂಡ ಹೇಗೂ ಮಾಡಬೇಕಿದ್ದ ಕೆಲಸವನ್ನು, ಅಂದರೆ ಬೈಕಾರ್ಬನೇಟ್ ಹೊರಹಾಕುವುದನ್ನು, ಬೇಗ ಮಾಡಿಸುತ್ತದೆ. ವಯಸ್ಕರಿಗೆ ಸಾಮಾನ್ಯವಾಗಿ ಹೇಳುವ ಪ್ರಮಾಣ 125 ಮಿಲಿಗ್ರಾಂ, ದಿನಕ್ಕೆ ಎರಡು ಸಲ. ಹಾರುವ ಹಿಂದಿನ ದಿನವೇ ಶುರು ಮಾಡಿ, ಲೇಹ್ ಸೇರಿದ ಮೇಲೆ ಎರಡು ದಿನ ಮುಂದುವರಿಸುವುದು ವಾಡಿಕೆ. ಸಲ್ಫಾ ಔಷಧಿಗೆ ಅಲರ್ಜಿ ಇದ್ದವರು, ಮೂತ್ರಪಿಂಡದ ತೊಂದರೆ ಇದ್ದವರು, ಬಿಪಿಗೆಂದು ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುತ್ತಿರುವವರು ಡಾಕ್ಟರಿಗೆ ಹೇಳದೆ ಇದನ್ನು ಮುಟ್ಟಬಾರದು. ಬೆರಳ ತುದಿ, ತುಟಿ ಜುಮುಜುಮು ಎನ್ನುವುದು ಮಾಮೂಲಿ, ಹೆದರಬೇಕಿಲ್ಲ. ಸೋಡಾ ಕುಡಿದರೆ ಸಪ್ಪೆ ಅನ್ನಿಸುತ್ತದೆ, ಅದೂ ಮಾತ್ರೆಯದೇ ಕರಾಮತ್ತು.

ಹೃದಯ, ಶ್ವಾಸಕೋಶದ ಕಾಯಿಲೆ ಇದ್ದವರು, ಗರ್ಭಿಣಿಯರು ಟಿಕೆಟ್ ಮಾಡುವ ಮೊದಲೇ ಡಾಕ್ಟರರ ಮಾತು ಕೇಳಲಿ. ರಕ್ತಹೀನತೆ ಇದ್ದವರು ಅದನ್ನು ಮೊದಲೇ ಸರಿಪಡಿಸಿಕೊಳ್ಳಲಿ. ಕಬ್ಬಿಣಾಂಶದ ಮಾತ್ರೆಯ ಉಪಯೋಗ ಅವರಿಗೇ ಹೊರತು ಉಳಿದವರಿಗಲ್ಲ.

ಕೋವಿಡ್ ಕಾಲದಲ್ಲಿ ಕೊಂಡು ಕಪಾಟಿನ ಮೂಲೆಗೆ ಸೇರಿದ ಬೆರಳಿಗೆ ಹಾಕುವ ಆಕ್ಸಿಮೀಟರ್ ಎಲ್ಲರ ಮನೆಯಲ್ಲೂ ಇದೆ. ಹೊಸ ಸೆಲ್ ಹಾಕಿ ಅದನ್ನು ಒಯ್ಯಿರಿ. ಹೊರಡುವ ಮೊದಲು ಮೂರು ದಿನ ಬೆಳಿಗ್ಗೆ ಏಳುತ್ತಲೇ ನಾಡಿಬಡಿತ ನೋಡಿ ಬರೆದಿಟ್ಟುಕೊಳ್ಳಿ. ಅಲ್ಲಿ ಹೋದ ಮೇಲೆ ಹೋಲಿಸಲು ಮನೆಯ ಅಂಕಿ ಬೇಕಾಗುತ್ತದೆ.

ಮೊದಲ ದಿನ: ಹುಷಾರಾಗಿದ್ದೇನೆ ಅನ್ನಿಸುವ ಹೊತ್ತು

ಲೇಹ್‌ನಲ್ಲಿ ಇಳಿದ ಮೊದಲ ಕೆಲವು ಗಂಟೆ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಆಕಾಶ ನೀಲಿ, ಗಾಳಿ ತಣ್ಣಗೆ, ಮುಂಬೈನ ಸೆಕೆಯಿಂದ ಬಂದವರಿಗೆ ಮೈ ಹಗುರಾದಂತೆ ಕೂಡ ಅನ್ನಿಸುತ್ತದೆ. ಪೇಚಿಗೆ ಸಿಕ್ಕುವುದು ಇಲ್ಲೇ. ಎತ್ತರದ ತಲೆನೋವು ಸಾಮಾನ್ಯವಾಗಿ ಶುರುವಾಗುವುದು 6ರಿಂದ 12 ಗಂಟೆಯ ನಂತರ. ಮಧ್ಯಾಹ್ನ ಶಾಂತಿ ಸ್ತೂಪದ ಮೆಟ್ಟಿಲು ಹತ್ತಿ ಫೋಟೊ ತೆಗೆಸಿಕೊಂಡವರಿಗೆ ಸಂಜೆ ಅದರ ಬಿಲ್ ಬರುತ್ತದೆ.

ಆದ್ದರಿಂದ ಮೊದಲ ದಿನದ ಕಾರ್ಯಕ್ರಮ ಎಂದರೆ ಕೋಣೆ, ಊಟ, ಅಂಗಳದಲ್ಲಿ ಒಂದಿಷ್ಟು ನಡಿಗೆ, ಅಷ್ಟೇ. ಮಧ್ಯಾಹ್ನ ಗಾಢವಾಗಿ ನಿದ್ದೆ ಮಾಡುವುದಕ್ಕಿಂತ ದಿಂಬಿಗೊರಗಿ ಎಚ್ಚರವಾಗಿರುವುದು ಮೇಲು, ಯಾಕೆಂದರೆ ನಿದ್ದೆಯಲ್ಲಿ ಉಸಿರಾಟ ಇಳಿಯುತ್ತದೆ. ಅದೇ ಕಾರಣಕ್ಕೆ ಮದ್ಯ ಬೇಡ, ನಿದ್ದೆ ಮಾತ್ರೆಯೂ ಬೇಡ. ಊಟ ಹಗುರವಾಗಿರಲಿ, ಅನ್ನ ಸಾರು ಧಾರಾಳವಾಗಿ ನಡೆಯುತ್ತದೆ. ನೀರು ದಿನಕ್ಕೆ ಮೂರು ಲೀಟರಿನ ಆಸುಪಾಸು ಸಾಕು. ಆರೇಳು ಲೀಟರ್ ಕುಡಿಯಿರಿ ಎಂದು ಹೇಳುವವರ ಮಾತು ಕೇಳಬೇಡಿ. ಅತಿಯಾಗಿ ನೀರು ಕುಡಿದರೆ ರಕ್ತದ ಸೋಡಿಯಂ ಇಳಿದು ಅದರಿಂದಲೂ ತಲೆನೋವು, ವಾಕರಿಕೆ ಬರುತ್ತದೆ. ಆಗ ಯಾವುದು ಎತ್ತರದ್ದು, ಯಾವುದು ನೀರಿನದ್ದು ಎಂದು ಗುರುತಿಸುವುದೇ ಕಷ್ಟ.

ಕರ್ಪೂರದ ಪುಟ್ಟ ಗಂಟನ್ನು ಮೂಸುವ ಪದ್ಧತಿ ನಮ್ಮವರಲ್ಲಿ ಈಗ ಜೋರಾಗಿದೆ. ಮೂಗು ತೆರೆದಂತೆ ಅನ್ನಿಸುತ್ತದೆ, ರಕ್ತದ ಆಮ್ಲಜನಕ ಒಂದು ಅಂಕಿಯೂ ಏರುವುದಿಲ್ಲ. ಕ್ಯಾನಿನಲ್ಲಿ ಮಾರುವ ಆಮ್ಲಜನಕವೂ ಕೆಲವೇ ನಿಮಿಷದ ಆಟ. ಅದರ ಬಲದ ಮೇಲೆ ಯೋಜನೆ ಹಾಕಬೇಡಿ.

ಮೊದಲ ಸಂಜೆ: ಅಳೆಯುವ ಕ್ರಮ

ಆಕ್ಸಿಮೀಟರ್ ಹಾಕುವ ಮೊದಲು ಐದು ನಿಮಿಷ ಸುಮ್ಮನೆ ಕೂತಿರಬೇಕು. ಬೆರಳು ತಣ್ಣಗಿದ್ದರೆ ಅಂಗೈ ತಿಕ್ಕಿ, ಅಥವಾ ಬಿಸಿ ಚಹಾದ ಲೋಟ ಹಿಡಿದು ಬೆಚ್ಚಗೆ ಮಾಡಿಕೊಳ್ಳಬೇಕು. ಉಗುರಿಗೆ ಬಣ್ಣವಿದ್ದರೆ ತೆಗೆಯಬೇಕು. ಪರದೆಯ ಮೇಲೆ `SpO2` ಎಂದು ಬರೆದಿರುವಲ್ಲಿ ರಕ್ತದ ಆಮ್ಲಜನಕದ ಶೇಕಡಾ ಅಂಕಿ ಬರುತ್ತದೆ, ಅದು ಮೊದಲಿಗೆ ಮೇಲೆ ಕೆಳಗೆ ಆಡುತ್ತದೆ. ಒಂದು ನಿಮಿಷ ಕಾದು, ಹೆಚ್ಚು ಹೊತ್ತು ನಿಂತ ಅಂಕಿಯನ್ನು ಬರೆದುಕೊಳ್ಳಿ. ಜೋರಾಗಿ ನಾಲ್ಕು ಉಸಿರು ಎಳೆದು ಅಂಕಿ ಏರಿಸಿ ಮನೆಯವರಿಗೆ ತೋರಿಸುವ ಆಟ ಬೇಡ.

ಅಂದು ಸಂಜೆ ಏಳು ಗಂಟೆಗೆ ಭಾವನ ಅಂಕಿ 84, ನಾಡಿ ನಿಮಿಷಕ್ಕೆ 96. ಠಾಣೆಯಲ್ಲಿ ಅವರ ನಾಡಿ 68 ಇತ್ತು. ಅಕ್ಕನ ಅಂಕಿ 85, ನಾಡಿ 92. ಒಂದೇ ಅಂಕಿಯ ವ್ಯತ್ಯಾಸ. ಆದರೆ ಅಕ್ಕ ಅಡುಗೆಮನೆಯವರ ಹತ್ತಿರ ಹೋಗಿ ಸಾರಿಗೆ ಹುಣಸೆಹಣ್ಣು ಸಿಗುತ್ತದೆಯೇ ಎಂದು ವಿಚಾರಿಸುತ್ತಿದ್ದಳು, ಭಾವ ಮಫ್ಲರ್ ಸುತ್ತಿಕೊಂಡು ಗೋಡೆಗೆ ಒರಗಿದ್ದರು. ವಾರಕ್ಕೆರಡು ಸಲ ಯೇವೂರು ಗುಡ್ಡ ಹತ್ತುವವರು ಅವರು, ಅಕ್ಕ ಅಲ್ಲ. ಮೈಕಟ್ಟು ಚೆನ್ನಾಗಿರುವುದಕ್ಕೂ ಎತ್ತರದ ಕಾಯಿಲೆ ಬರುವುದಕ್ಕೂ ನಂಟಿಲ್ಲ. ಗಟ್ಟಿಮುಟ್ಟಾದವರು ವೇಗವಾಗಿ ಓಡಾಡಿ ಹೆಚ್ಚು ತೊಂದರೆ ತಂದುಕೊಳ್ಳುವುದೇ ಕಂಡುಬರುತ್ತದೆ.

ಆದ್ದರಿಂದ ಅಂಕಿಗಿಂತ ಲಕ್ಷಣ ಮುಖ್ಯ. ಲಕ್ಷಣ ಅಳೆಯಲು ಲೇಕ್ ಲೂಯಿಸ್ ಅಂಕಪಟ್ಟಿ ಎಂಬುದಿದೆ, ಲೋಕದೆಲ್ಲೆಡೆ ಬಳಸುತ್ತಾರೆ. ಅದು ಬಹಳ ಸರಳ. ತಲೆನೋವು, ಹೊಟ್ಟೆ ತೊಳಸುವುದು ಅಥವಾ ವಾಂತಿ, ಸುಸ್ತು, ತಲೆಸುತ್ತು, ಈ ನಾಲ್ಕಕ್ಕೆ ಸೊನ್ನೆಯಿಂದ ಮೂರರವರೆಗೆ ಅಂಕ ಕೊಡಬೇಕು. ಇಲ್ಲದಿದ್ದರೆ ಸೊನ್ನೆ, ತಡೆಯಲಾಗದಷ್ಟಿದ್ದರೆ ಮೂರು. ತಲೆನೋವು ಇದ್ದು ಒಟ್ಟು ಮೂರು ಅಥವಾ ಹೆಚ್ಚಾದರೆ ಅದು ಎತ್ತರದ ಕಾಯಿಲೆ. ಐದರವರೆಗೆ ಸೌಮ್ಯ, ಆರರಿಂದ ಒಂಬತ್ತು ಮಧ್ಯಮ, ಹತ್ತು ಅಥವಾ ಹೆಚ್ಚಾದರೆ ತೀವ್ರ. ಮೊದಲು ನಿದ್ದೆಗೇಡನ್ನೂ ಲೆಕ್ಕಕ್ಕೆ ಹಿಡಿಯುತ್ತಿದ್ದರು, 2018ರಲ್ಲಿ ಅದನ್ನು ಕೈಬಿಟ್ಟರು. ಎತ್ತರದಲ್ಲಿ ನಿದ್ದೆ ಎಲ್ಲರಿಗೂ ಕೆಡುತ್ತದೆ, ಕಾಯಿಲೆ ಇಲ್ಲದವರಿಗೂ.

ಭಾವನನ್ನು ಕೇಳಿದರೆ, "ಏನಿಲ್ಲಪ್ಪ, ರಾತ್ರಿಯೆಲ್ಲ ಏರ್‌ಪೋರ್ಟಲ್ಲಿ ಕೂತಿದ್ದೆವಲ್ಲ, ನಿದ್ದೆಗೆಟ್ಟು ಹೀಗಾಗಿದೆ" ಎಂದರು. ಎಲ್ಲ ಗಂಡಸರೂ ಹೇಳುವುದು ಹೀಗೇ. ಅಕ್ಕ ಬಿಡಲಿಲ್ಲ. "ರೀ, ಊಟ ಬೇಡ ಅಂದಿರಲ್ಲ, ಅದೂ ನಿದ್ದೆಗೆಟ್ಟಿದ್ದಕ್ಕೇನಾ?" ಕೊನೆಗೆ ಲೆಕ್ಕ ಹಾಕಿದಾಗ ತಲೆನೋವಿಗೆ ಎರಡು, ಹೊಟ್ಟೆಗೆ ಒಂದು, ಸುಸ್ತಿಗೆ ಒಂದು, ತಲೆಸುತ್ತಿಗೆ ಸೊನ್ನೆ. ಒಟ್ಟು ನಾಲ್ಕು, ಸೌಮ್ಯ.

ಸೌಮ್ಯ ಎಂದರೆ ಇದ್ದಲ್ಲೇ ಇರಬೇಕು, ಒಂದು ಮೀಟರೂ ಮೇಲೆ ಹೋಗಬಾರದು ಎಂದರ್ಥ. ಅರ್ಧ ಲೀಟರ್ ನೀರು, ಒಂದು ಪ್ಯಾರಾಸಿಟಮಾಲ್ ಕೊಟ್ಟು, ಎರಡು ಗಂಟೆ ಬಿಟ್ಟು ಮತ್ತೆ ನೋಡಬೇಕು. ಅದಕ್ಕೂ ಮೊದಲು ಇನ್ನೊಂದು ಪರೀಕ್ಷೆ ಇದೆ, ಯಾವ ಯಂತ್ರವೂ ಬೇಡದ್ದು.

"ಭಾವ, ಈ ಟೈಲ್ಸ್ ಗೆರೆ ಮೇಲೆ ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸಿ ಹತ್ತು ಹೆಜ್ಜೆ ನಡೀರಿ."

"ಏನೋ ಇದು, ಕುಡಿದವರನ್ನ ಪೊಲೀಸರು ನಡೆಸಿದ ಹಾಗೆ!"

ನಡೆದರು. ತುಸು ನಿಧಾನವಾಗಿ, ಆದರೆ ಗೆರೆ ಬಿಡದೆ. ಗೆರೆಯ ಮೇಲೆ ನಡೆಯಲಾಗದೆ ವಾಲಿದ್ದರೆ, ಮಾತು ಎಲ್ಲೋ ಹೋಗಿ ಇನ್ನೆಲ್ಲೋ ಬಂದಿದ್ದರೆ, ಮೆದುಳಿನಲ್ಲಿ ನೀರು ಸೇರಿ ಊತ ಬರುತ್ತಿದೆ ಎಂದು ತಿಳಿದು ಆಗಲೇ ಆಸ್ಪತ್ರೆಗೆ ಹೊರಡಬೇಕಿತ್ತು. ಅಂಥ ಹೊತ್ತಿನಲ್ಲಿ ಬೆಳಗಾಗಲಿ ನೋಡೋಣ ಎನ್ನುವ ಮಾತೇ ಇಲ್ಲ. ಸುಸ್ತಾದವರು ಮತ್ತು ಮೆದುಳಿನ ಊತ ಇರುವವರು, ಮಲಗಿದ್ದಾಗ ಇಬ್ಬರೂ ಒಂದೇ ಥರ ಕಾಣುತ್ತಾರೆ. ಎಬ್ಬಿಸಿ ನಡೆಸಿದರೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ.

ಮೊದಲ ಮೂರು ರಾತ್ರಿ

ಅಕ್ಕ ಮಧ್ಯರಾತ್ರಿ ಗಾಬರಿಯಾಗಿ ನನ್ನ ಬಾಗಿಲು ತಟ್ಟಿದಳು, ಭಾವನ ಉಸಿರು ನಿಂತುಹೋಗುತ್ತಿದೆ ಎಂದು. ಹೋಗಿ ನೋಡಿದರೆ, ನಾಲ್ಕಾರು ಆಳವಾದ ಉಸಿರು, ಆಮೇಲೆ ಹತ್ತು ಸೆಕೆಂಡಿನಷ್ಟು ಏನೂ ಇಲ್ಲ, ಮತ್ತೆ ಒಮ್ಮೆಲೇ ದೊಡ್ಡ ಉಸಿರು. ಇದನ್ನು ಮೊದಲ ಸಲ ನೋಡಿದವರು ಯಾರಾದರೂ ಹೆದರುತ್ತಾರೆ. ಆದರೆ ಇದು ಆಗಲೇ ಹೇಳಿದ ಆಕ್ಸಿಲರೇಟರ್, ಬ್ರೇಕಿನದೇ ಜಗ್ಗಾಟ. ಆಮ್ಲಜನಕ ಇಳಿದಾಗ ಉಸಿರು ಏರುತ್ತದೆ, ಇಂಗಾಲದ ಡೈಆಕ್ಸೈಡ್ ಇಳಿದಾಗ ಉಸಿರು ನಿಲ್ಲುತ್ತದೆ. ನಿದ್ದೆಯಲ್ಲಿ ಇದು ಎದ್ದು ಕಾಣುತ್ತದೆ. ಎಬ್ಬಿಸಿದರೆ ಸರಿಯಾಗಿ ಮಾತಾಡುತ್ತಾರೆ ಎಂದಾದರೆ ಮಲಗಲು ಬಿಡಬಹುದು. ತಲೆಯ ಕಡೆ ಇನ್ನೊಂದು ದಿಂಬು ಇಟ್ಟರೆ ತುಸು ಹಿತ.

ಎರಡನೇ ದಿನ ಬೆಳಿಗ್ಗೆ ಭಾವನ ಅಂಕಿ 86, ತಲೆನೋವು ಅರ್ಧಕ್ಕೆ ಇಳಿದಿತ್ತು. ಟ್ಯಾಕ್ಸಿಯವನು ಬಂದು, ಇವತ್ತೇ ಖರ್ದುಂಗ್ ಲಾಗೆ ಹೋಗಿಬರೋಣ, ನಾಳೆ ಗಿರಾಕಿ ಇದ್ದಾರೆ ಎಂದ. ಬೇಡ ಎಂದೆವು. ಎರಡನೇ ದಿನವೂ ಲೇಹ್‌ನಲ್ಲೇ, ಬಜಾರಿನವರೆಗೆ ಸಮತಟ್ಟು ದಾರಿಯಲ್ಲಿ ನಡಿಗೆ. ನಡೆಯುವಾಗ ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟು ವೇಗ ಸಾಕು. ಮಾತು ಅರ್ಧಕ್ಕೆ ತುಂಡಾದರೆ ನಿಲ್ಲಬೇಕು.

ಎರಡನೆಯಿಂದ ನಾಲ್ಕನೆಯ ರಾತ್ರಿಯ ನಡುವೆ ಕಾಯಬೇಕಾದ ಇನ್ನೊಂದು ಅಪಾಯವಿದೆ, ಶ್ವಾಸಕೋಶದಲ್ಲಿ ನೀರು ಸೇರುವುದು. ಇದು ತಲೆನೋವಿಲ್ಲದವರಿಗೂ ಬರಬಹುದು. ಆಮ್ಲಜನಕ ಕಡಿಮೆಯಾದಾಗ ಶ್ವಾಸಕೋಶದ ರಕ್ತನಾಳಗಳು ಸಂಕುಚಿತಗೊಳ್ಳುತ್ತವೆ. ಕೆಲವರಲ್ಲಿ ಅದು ಅತಿಯಾಗಿ, ಒತ್ತಡ ಏರಿ ರಕ್ತದ ದ್ರವ ಗಾಳಿಚೀಲದೊಳಗೆ ಜಿನುಗುತ್ತದೆ. ಗುರುತು ಹೀಗೆ: ನಿನ್ನೆ ಆರಾಮಾಗಿ ನಡೆದ ದೂರ ಇವತ್ತು ಆಗುವುದಿಲ್ಲ, ಒಣಕೆಮ್ಮು ಶುರುವಾಗುತ್ತದೆ, ಕೂತಿದ್ದರೂ ಏದುಸಿರು ನಿಲ್ಲುವುದಿಲ್ಲ, ಜತೆಯವರ ಅಂಕಿ 88 ಇರುವಾಗ ಇವರದು ಎಪ್ಪತ್ತರ ಆಸುಪಾಸಿಗೆ ಇಳಿದಿರುತ್ತದೆ. ಗುಲಾಬಿ ಬಣ್ಣದ ನೊರೆ ಕಫ ಬರುವವರೆಗೆ ಕಾದರೆ ಬಹಳ ತಡವಾಗಿರುತ್ತದೆ. ನೆಗಡಿ ಕೆಮ್ಮು ಎಂದು ಕಷಾಯ ಕುಡಿಸಿ ಮಲಗಿಸುವುದು ಇಲ್ಲಿ ಆಗುವ ದೊಡ್ಡ ತಪ್ಪು. ಇದಕ್ಕೆ ಮದ್ದು ಆಮ್ಲಜನಕ ಮತ್ತು ಕೆಳಗೆ ಇಳಿಯುವುದು. ಲೇಹ್ ಊರಲ್ಲಿದ್ದರೆ ಸೋನಂ ನೋರ್ಬು ಸ್ಮಾರಕ ಆಸ್ಪತ್ರೆ ಇದೆ, ಇಂಥ ಕಾಯಿಲೆ ಅಲ್ಲಿನ ಡಾಕ್ಟರರಿಗೆ ಹೊಸದೇನಲ್ಲ.

ಈ ಕಾಯಿಲೆಗಳ ಬಗ್ಗೆ ಇವತ್ತು ಜಗತ್ತಿಗೆ ಗೊತ್ತಿರುವುದರಲ್ಲಿ ಬಹಳಷ್ಟು ನಮ್ಮ ಸೈನಿಕರಿಂದಲೇ ಕಲಿತದ್ದು. 1962ರ ಚೀನಾ ಯುದ್ಧದ ಸಮಯದಲ್ಲಿ ಬಯಲುಸೀಮೆಯ ಸೈನಿಕರನ್ನು ಅವಸರದಲ್ಲಿ ಹಿಮಾಲಯದ ಎತ್ತರಕ್ಕೆ ಸಾಗಿಸಬೇಕಾಯಿತು. ಹಾಗೆ ಕಾಯಿಲೆ ಬಿದ್ದ 1,925 ಸೈನಿಕರನ್ನು ಕುರಿತು ಇಂದರ್ ಸಿಂಗ್ ಮತ್ತು ಅವರ ಸಂಗಡಿಗರು 1969ರಲ್ಲಿ ಬರೆದ ಪ್ರಬಂಧವನ್ನು ವೈದ್ಯರು ಇಂದಿಗೂ ನೆನೆಯುತ್ತಾರೆ. ಈಗ ನಮ್ಮ ಸೇನೆಯಲ್ಲಿ ಕಟ್ಟುನಿಟ್ಟಿನ ಕ್ರಮವಿದೆ. 3,600 ಮೀಟರಿನವರೆಗಿನ ಮೊದಲ ಹಂತಕ್ಕೆ ಆರು ದಿನ, ಅದರಲ್ಲಿ ಮೊದಲ ಎರಡು ದಿನ ಪೂರ್ತಿ ವಿಶ್ರಾಂತಿ. ಅಲ್ಲಿಂದ 4,500ರವರೆಗೆ ನಾಲ್ಕು ದಿನ, ಅದರ ಮೇಲೆ ಮತ್ತೆ ನಾಲ್ಕು ದಿನ. ಇಪ್ಪತ್ತೈದು ವರ್ಷದ ಸೈನಿಕನಿಗೆ ಎರಡು ದಿನ ಮಲಗು ಎನ್ನುವ ಕಡೆ, ಐವತ್ತೆಂಟರ ಭಾವ ಎರಡು ದಿನ ಬಿದ್ದುಕೊಂಡರೆ ಮರ್ಯಾದೆ ಹೋಗುವುದೇನೂ ಇಲ್ಲ.

ಮೂರನೇ ದಿನದಿಂದ: ಎಲ್ಲಿ ಮಲಗುತ್ತೀರಿ ಎಂಬುದೇ ಲೆಕ್ಕ

ಹಗಲು ಎಷ್ಟು ಎತ್ತರ ಮುಟ್ಟಿದಿರಿ ಎಂಬುದಕ್ಕಿಂತ ರಾತ್ರಿ ಯಾವ ಎತ್ತರದಲ್ಲಿ ಮಲಗಿದಿರಿ ಎಂಬುದು ಹೆಚ್ಚು ಮುಖ್ಯ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ಒಂದು ರಾತ್ರಿಗೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ಒಂದು ದಿನ ನಿಲ್ಲಬೇಕು. ಪರ್ವತ ವೈದ್ಯರು ಒಪ್ಪಿದ ಸೂತ್ರ ಇದು.

ನಾವು ಹಾಕಿಕೊಂಡ ಯೋಜನೆ ಹೀಗಿತ್ತು. ಮೂರನೇ ದಿನ ಸಿಂಧೂ ಕಣಿವೆಯಲ್ಲಿ ಕೆಳಗಿರುವ ಆಲ್ಚಿ ನೋಡಿಕೊಂಡು ಬಂದು ರಾತ್ರಿ ಲೇಹ್‌ನಲ್ಲೇ. ಆಲ್ಚಿ ಸುಮಾರು 3,100 ಮೀಟರ್, ಹಾಗಾಗಿ ತಿರುಗಾಟವೂ ಆಯಿತು, ಏರಿದ್ದೂ ಇಲ್ಲ. ಅಂದು ಸಂಜೆ ಭಾವನ ಅಂಕಿ 89, ಲೂಯಿಸ್ ಅಂಕ ಸೊನ್ನೆ. ನಾಲ್ಕನೇ ದಿನ ಬೆಳಿಗ್ಗೆ 90, ನಾಡಿ 82. ಮನೆಯ 68ಕ್ಕೆ ಇನ್ನೂ ಇಳಿದಿರಲಿಲ್ಲ, ಈ ಪ್ರವಾಸ ಮುಗಿಯುವವರೆಗೂ ಅಷ್ಟಕ್ಕೆ ಇಳಿಯುವುದಿಲ್ಲ. ಬೆಳಗಿನ ಆಮ್ಲಜನಕ ದಿನದಿನಕ್ಕೆ ತುಸು ಏರುತ್ತಿರುವುದು, ನಾಡಿ ತುಸು ಇಳಿಯುತ್ತಿರುವುದು, ಹಸಿವು ಮರಳಿ ಬರುವುದು, ಈ ಮೂರೂ ಸೇರಿದರೆ ದೇಹ ಒಗ್ಗುತ್ತಿದೆ ಎಂದು ಧೈರ್ಯವಾಗಿ ಹೇಳಬಹುದು.

ಆಮೇಲೇ ಖರ್ದುಂಗ್ ಲಾ. ದಾರಿಯ ಫಲಕದಲ್ಲಿ 18,380 ಅಡಿ ಎಂದಿತ್ತಾದರೂ ಅಳತೆ ಮಾಡಿದ ಎತ್ತರ ಸುಮಾರು 5,359 ಮೀಟರ್, ಅಂದರೆ 17,600 ಅಡಿಯ ಹತ್ತಿರ. ಅಲ್ಲಿ ಹದಿನೈದು ನಿಮಿಷ ಸಾಕು, ಓಡಾಟ ಬೇಡ. ಕಾಯಿಲೆ ಬರಲು ಗಂಟೆಗಳು ಬೇಕಾಗುವುದರಿಂದ, ಬೇಗ ದಾಟಿ ಆಚೆ ನುಬ್ರಾದ ಹುಂಡರಿಗೆ ಇಳಿದರೆ ದೇಹಕ್ಕೆ ಅಷ್ಟು ಗೊತ್ತಾಗುವುದಿಲ್ಲ. ಹುಂಡರ್ ಸುಮಾರು 3,100 ಮೀಟರ್, ಲೇಹ್‌ಗಿಂತ ಕೆಳಗೆ. ಅಲ್ಲಿ ಎರಡು ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ.

ಪ್ಯಾಂಗಾಂಗ್ ಸರೋವರದ ಮಾತೇ ಬೇರೆ. ಅದರ ದಡ ಸುಮಾರು 4,250 ಮೀಟರ್. ನುಬ್ರಾದಿಂದ ನೇರ ಹೋಗಿ ದಡದ ಟೆಂಟಿನಲ್ಲಿ ಮಲಗಿದರೆ ಒಂದೇ ದಿನಕ್ಕೆ ಸಾವಿರ ಮೀಟರಿಗೂ ಹೆಚ್ಚು ಏರಿದಂತೆ. ಹೆಚ್ಚಿನ ಪ್ಯಾಕೇಜುಗಳಲ್ಲಿ ಇರುವುದು ಇದೇ. ಇನ್ನೊಂದು ವಿಷಯವನ್ನು ಯಾರೂ ಹೇಳುವುದಿಲ್ಲ: ಅಲ್ಲಿ ರಾತ್ರಿ ಯಾರಿಗಾದರೂ ಕಾಯಿಲೆ ಜೋರಾದರೆ ಲೇಹ್‌ಗೆ ಮರಳುವ ನೇರ ದಾರಿ 5,300 ಮೀಟರ್ ಮೀರಿದ ಚಾಂಗ್ ಲಾ ದಾಟಿಯೇ ಹೋಗುತ್ತದೆ. ಇಳಿಸಬೇಕಾದ ರೋಗಿಯನ್ನು ಮೊದಲು ಸಾವಿರ ಮೀಟರ್ ಏರಿಸಬೇಕು. ಅದಕ್ಕೇ ಪ್ಯಾಂಗಾಂಗನ್ನು ಪ್ರವಾಸದ ಕೊನೆಗೆ ಇಟ್ಟುಕೊಳ್ಳಿ, ಸುಮಾರು 3,900 ಮೀಟರಿನ ತಾಂಗ್ತ್ಸೆಯಲ್ಲಿ ಮಲಗಿ ಮರುದಿನ ಸರೋವರ ನೋಡಿ ಬನ್ನಿ. ನಾವು ಮಾಡಿದ್ದು ಹಾಗೆ. ದಡದಲ್ಲಿ ನಕ್ಷತ್ರ ನೋಡುತ್ತಾ ಮಲಗುವ ಆಸೆ ಭಾವನಿಗಿತ್ತು, ಅಕ್ಕ ಕೇಳಲಿಲ್ಲ. ಅಕ್ಕನದೇ ಸರಿ ಎಂದು ನನಗೂ ಅನ್ನಿಸಿತು.

ವಾರಗಳ ಲೆಕ್ಕ: ರಕ್ತದ ಸರದಿ

ಕೆಲಸದ ಮೇಲೆ ತಿಂಗಳುಗಟ್ಟಲೆ ಲೇಹ್‌ನಲ್ಲಿ ಇರುವವರಿಗೆ, ಆರು ಸಾವಿರ ಮೀಟರಿನ ಶಿಖರ ಹತ್ತಲು ಹೊರಟವರಿಗೆ ಈ ಭಾಗ. ಎತ್ತರ ಮುಟ್ಟಿದ ಕೆಲವೇ ಗಂಟೆಗಳಲ್ಲಿ ಮೂತ್ರಪಿಂಡ ಎರಿತ್ರೊಪೊಯೆಟಿನ್ ಎಂಬ ಹಾರ್ಮೋನನ್ನು ಹೆಚ್ಚಿಸುತ್ತದೆ. ಎರಡು ಮೂರು ದಿನದಲ್ಲಿ ಅದು ತುದಿ ಮುಟ್ಟಿ ಮತ್ತೆ ಇಳಿಯುತ್ತದೆ. ಮೂಳೆಯ ಮಜ್ಜೆ ಅದರ ಮಾತು ಕೇಳಿ ಹೊಸ ಕಣ ತಯಾರಿಸಿ ರಕ್ತಕ್ಕೆ ಬಿಡಲು ಸುಮಾರು ಒಂದು ವಾರ, ಲೆಕ್ಕಕ್ಕೆ ಸಿಗುವಷ್ಟು ಹೆಚ್ಚಾಗಲು ಮೂರು ನಾಲ್ಕು ವಾರ ಬೇಕು.

ಆದರೆ ಮೂರನೇ ದಿನವೇ ಯಾರಾದರೂ ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಏರಿರುವುದು ಕಾಣುತ್ತದೆ. ಅದು ಹೊಸ ಕಣಗಳಿಂದ ಬಂದದ್ದಲ್ಲ. ಮೂತ್ರದಲ್ಲಿ, ಒಣಗಾಳಿಯ ಉಸಿರಿನಲ್ಲಿ ನೀರು ಹೋಗಿ ರಕ್ತದ ದ್ರವಭಾಗ ಶೇಕಡಾ ಹತ್ತರಿಂದ ಇಪ್ಪತ್ತರಷ್ಟು ಕುಗ್ಗಿರುತ್ತದೆ. ಇದ್ದಷ್ಟೇ ಕಣ, ಕಡಿಮೆ ನೀರು. ಅದರಿಂದಲೂ ಒಂದೊಂದು ಹನಿ ರಕ್ತ ಹೆಚ್ಚು ಆಮ್ಲಜನಕ ಹೊರುತ್ತದೆ ಎಂಬುದು ನಿಜ, ಹೃದಯ ಒಂದು ಬಡಿತಕ್ಕೆ ತಳ್ಳುವ ರಕ್ತ ಕಡಿಮೆಯಾಗುತ್ತದೆ ಎಂಬುದೂ ನಿಜ.

ನಾಲ್ಕು ವಾರ ಇದ್ದರೂ ಠಾಣೆಯಲ್ಲಿ ಓಡಿದ ವೇಗದಲ್ಲಿ ಲೇಹ್‌ನಲ್ಲಿ ಓಡಲು ಆಗುವುದಿಲ್ಲ. ಕೂತಾಗ, ನಡೆದಾಗ ಹಾಯೆನಿಸುತ್ತದೆ, ಪೂರ್ತಿ ಶಕ್ತಿ ಮಾತ್ರ ಮರಳುವುದಿಲ್ಲ. ಒಗ್ಗಿಕೊಳ್ಳುವುದಕ್ಕೆ ಮೇಲಿನ ಮಿತಿಯೂ ಇದೆ. ಸುಮಾರು 5,500 ಮೀಟರ್ ದಾಟಿದ ಮೇಲೆ ಎಷ್ಟು ವಾರ ಇದ್ದರೂ ದೇಹ ಸುಧಾರಿಸದೆ ಸವೆಯುತ್ತಲೇ ಹೋಗುತ್ತದೆ, ತೂಕ ಇಳಿಯುತ್ತದೆ, ಸ್ನಾಯು ಕರಗುತ್ತದೆ. ಲೋಕದಲ್ಲೇ ಎತ್ತರದ ಊರು ಎನ್ನುವ ಪೆರುವಿನ ಲಾ ರಿಂಕೊನಾಡಾ ಕೂಡ 5,100 ಮೀಟರಿನ ಆಸುಪಾಸಿನಲ್ಲೇ ಇದೆ.

ಮರಳಿದ ಮೇಲೆ

ಮುಂಬೈಗೆ ಇಳಿದ ಮೊದಲ ದಿನ ಸೆಕೆಯಲ್ಲಿ ಮೈ ಭಾರವಾಗಿ ನಿದ್ದೆ ಎಳೆಯುತ್ತದೆ, ಒಂದೆರಡು ದಿನದಲ್ಲಿ ಸರಿಹೋಗುತ್ತದೆ. ಕಷ್ಟಪಟ್ಟು ಗಳಿಸಿದ ಉಸಿರಾಟದ ಹೊಂದಾಣಿಕೆ ಒಂದೆರಡು ವಾರದಲ್ಲಿ ಕರಗಿಹೋಗುತ್ತದೆ. ಹಾಗಾಗಿ ಹೋದ ತಿಂಗಳು ಹೋಗಿಬಂದಿದ್ದೇನೆ ಎನ್ನುವ ಧೈರ್ಯದ ಮೇಲೆ ಮತ್ತೆ ಹೋದಾಗ ಎರಡು ದಿನದ ವಿಶ್ರಾಂತಿ ತಪ್ಪಿಸಬೇಡಿ. ಎತ್ತರದಲ್ಲೇ ಬದುಕುವ ಊರವರು ಕೆಲವು ವಾರ ಕೆಳಗಿದ್ದು ಮರಳಿದಾಗ ಶ್ವಾಸಕೋಶದಲ್ಲಿ ನೀರು ಸೇರಿ ಆಸ್ಪತ್ರೆ ಸೇರುವುದುಂಟು.

ಒಮ್ಮೆ ಕಾಯಿಲೆಯಾದವರಿಗೆ ಅದೇ ವೇಗದಲ್ಲಿ ಅದೇ ಎತ್ತರಕ್ಕೆ ಹೋದರೆ ಮತ್ತೆ ಆಗುವ ಸಂಭವ ಹೆಚ್ಚು. ಭಾವ ಮುಂದಿನ ಸಲ ಶ್ರೀನಗರದ ರಸ್ತೆಯಲ್ಲೇ ಹೋಗುತ್ತಾರೆ. ಕಾರ್ಗಿಲ್‌ನಲ್ಲಿ ಎರಡು ರಾತ್ರಿ ಬೇಕೋ ಒಂದು ಸಾಕೋ ಎಂಬುದರ ಬಗ್ಗೆ ಅಕ್ಕನ ಜತೆ ಚರ್ಚೆ ನಡೆದೇ ಇದೆ. ನನ್ನ ಮತ ಎರಡಕ್ಕೆ.